ಅಜ್ಜಿಯ ರೊಟ್ಟಿಗೆ ಅಂಟಿದ್ದ ‘ಅನ್ನು’

ಅಜ್ಜಿ ಮನೆ ಬಗ್ಗೆ ಬರೆದದ್ದನ್ನು ತಂಗಿಗೆ ಓದಿ ಹೇಳಿದೆ. “ಅಕ್ಕಾ, ಇದು ವರದಿ ಥರ ಇದೆ” ಅಂದಳು. ಮೊದಲ ಸಾಲು ಹೀಗಿತ್ತು: “ಅಜ್ಜಿಯು ರೊಟ್ಟಿಯನ್ನು ತಟ್ಟುತ್ತಿದ್ದಳು ಮತ್ತು ಅದು ನಮಗೆ ಬಿಸಿಯಾಗಿಯೇ ಬಡಿಸಲ್ಪಡುತ್ತಿತ್ತು.”

ಮೊದಲು ಕ್ರಿಯಾಪದಗಳನ್ನು ‘ತಟ್ತಿದ್ಲು’, ‘ಬಡಿಸಲ್ಪಡ್ತಿತ್ತು’ ಅಂತ ಮೊಟಕು ಮಾಡಿದೆ. ಬಿಗಿ ಹೋಗಲಿಲ್ಲ, ಸುಮ್ನೆ ಓದೋಕೆ ಕಷ್ಟವಾಯಿತು. ತೊಂದರೆ ಇದ್ದದ್ದು ಬೇರೆ ಕಡೆ. ಮಾತಾಡುವಾಗ ಯಾರೂ ‘ಅಜ್ಜಿಯು’ ಅನ್ನುವುದಿಲ್ಲ, ಅಲ್ವಾ? ಆ ಕೊನೆಯ ‘ಉ’ ತೆಗೆದೆ. ‘ರೊಟ್ಟಿಯನ್ನು’ ಬರೀ ‘ರೊಟ್ಟಿ’ ಆಯಿತು. ‘ಮತ್ತು’ ಬಿಟ್ಟು, ಕೆಲಸಗಳನ್ನು ‘ತಟ್ಟಿ, ಬೇಯಿಸಿ’ ಅಂತ ಪೋಣಿಸಿದೆ. ‘ಬಡಿಸಲ್ಪಡುತ್ತಿತ್ತು’ ತೆಗೆದು ಬಡಿಸಿದವಳನ್ನೇ ಮುಂದೆ ತಂದೆ:

“ಅಜ್ಜಿ ರೊಟ್ಟಿ ತಟ್ಟಿ, ಬೇಯಿಸಿ, ಬಿಸಿಬಿಸಿಯಾಗಿ ನಮ್ಮ ತಟ್ಟೆಗೆ ಹಾಕುತ್ತಿದ್ದಳು.”

ಕ್ರಿಯಾಪದದ ಕೊನೆ ಪುಸ್ತಕದ್ದೇ, ಆದರೂ ಸಾಲು ಸಡಿಲವಾಗಿದೆ.

ಹುಮ್ಮಸ್ಸಿನಲ್ಲಿ ‘ಅನ್ನು’ ಎಲ್ಲಾ ಕಡೆ ಕಿತ್ತು ಒಂದು ಕಡೆ ಎಡವಿದೆ. ‘ಅಜ್ಜಿಯನ್ನು ಅಮ್ಮ ಕರೆದಳು’ ಅನ್ನುವುದು ‘ಅಜ್ಜಿ ಅಮ್ಮ ಕರೆದಳು’ ಆಯಿತು. ಯಾರು ಯಾರನ್ನು ಕರೆದದ್ದು? ರೊಟ್ಟಿ, ನೀರು, ಬಟ್ಟೆಗೆ ‘ಅನ್ನು’ ಇಲ್ಲದೆ ಸಾಮಾನ್ಯವಾಗಿ ನಡೆಯುತ್ತದೆ, ಮನುಷ್ಯರಿಗೆ ಬೇಕೇ ಬೇಕು. ಅಲ್ಲಿ ವಾಪಸ್ ಹಾಕಿದೆ.

ಮತ್ತೆ ತಂಗಿಗೆ ಓದಿದೆ. ಈ ಸಲ ಮಧ್ಯದಲ್ಲೇ ತಡೆದು, “ಬೆಣ್ಣೆ ಹಚ್ಚುತ್ತಿದ್ದಳಲ್ಲ, ಅದನ್ನೂ ಬರಿ” ಅಂದಳು.