ಒಂದೇ ಪುಡಿ, ಮೂರು ಡ್ರಿಪ್ಪರ್: ನೀರು ಎಲ್ಲಿ ತಡೆಯುತ್ತದೆ?

ಕಳೆದ ಭಾನುವಾರ ಧಾರವಾಡದ ನಮ್ಮ ಅಡುಗೆಮನೆ ಕಟ್ಟೆಯ ಮೇಲೆ, ಪೇಪರ್ ಫಿಲ್ಟರಿನಲ್ಲಿ ಪುಡಿ ಹಾಕಿ ಮೇಲಿಂದ ಬಿಸಿನೀರು ಸುರಿದು ಕಾಫಿ ಇಳಿಸುವ ಮೂರು ಡ್ರಿಪ್ಪರ್ ಸಾಲಾಗಿ ಇಟ್ಟೆ. ಕೋನ್ ಆಕಾರದ ವಿ60, ಚಪ್ಪಟೆ ತಳದ ಕಲಿಟಾ ವೇವ್, ಎತ್ತರದ ಗಾಜಿನ ಕೆಮೆಕ್ಸ್. ಮೂರಕ್ಕೂ ಒಂದೇ ಲೆಕ್ಕ: 20 ಗ್ರಾಂ ಪುಡಿ, 320 ಗ್ರಾಂ ನೀರು. ಪುಡಿ ಉಪ್ಪಿಟ್ಟಿನ ರವೆಯಷ್ಟು ತರಿ. ಅಂಗಡಿಯಲ್ಲಿ ಬೀಸಿಸುವಾಗ ಚಿಕೋರಿ ಬೇಡ ಎಂದು ಮೊದಲೇ ಹೇಳಿ. ಸ್ಟೀಲ್ ಫಿಲ್ಟರ್‌ಗೆ ಬೀಸುವಷ್ಟು ಸಣ್ಣಗೂ ಬೇಡ, ಪೇಪರ್ ಕಟ್ಟಿಕೊಳ್ಳುತ್ತದೆ.

ಮೊದಲು ಪೇಪರನ್ನು ಬಿಸಿನೀರಿನಲ್ಲಿ ತೋಯಿಸಿ, ಆ ನೀರು ಚೆಲ್ಲಿ. ಪುಡಿ ಹಾಕಿ ಸಮ ಮಾಡಿ. ಕುದಿ ಇಳಿದ ತಕ್ಷಣದ ನೀರು 50 ಗ್ರಾಂ ಸುರಿದು 40 ಸೆಕೆಂಡ್ ಬಿಡಿ. ಪುಡಿ ಉಬ್ಬಿ ಗುಳ್ಳೆ ಬರುತ್ತದೆ. ಆಮೇಲೆ ಸುತ್ತು ಹಾಕುತ್ತಾ 180ರವರೆಗೆ, ಸ್ವಲ್ಪ ಇಳಿದ ಮೇಲೆ 320ರವರೆಗೆ ಸುರಿಯಿರಿ.

ವಿ60 ಸುಮಾರು ಮೂರು ನಿಮಿಷಕ್ಕೆ ಖಾಲಿಯಾಯಿತು. ಅದರ ತಳದಲ್ಲಿ ಒಂದೇ ದೊಡ್ಡ ತೂತು, ತಡೆಯುವುದು ಪುಡಿ ಮತ್ತು ಪೇಪರ್ ಮಾತ್ರ. ಹಾಗಾಗಿ ವೇಗ ನಿಮ್ಮ ಕೈಯಲ್ಲಿದೆ. ನಡುವೆ ಪುಡಿ ಆಳ, ಅಂಚಿನಲ್ಲಿ ತೆಳು. ಅಂಚಿಗೇ ಜಾಸ್ತಿ ಸುರಿದರೆ ನೀರು ಪುಡಿಗೆ ತಾಗದೆ ಪೇಪರ್ ಬದಿಯಿಂದ ಜಾರಿ ಹೋಗುತ್ತದೆ, ಕಾಫಿ ನೀರುನೀರಾಗುತ್ತದೆ.

ಕಲಿಟಾದಲ್ಲಿ ಮೂರು ಸಣ್ಣ ತೂತು. ನೀವು ಅವಸರ ಮಾಡಿದರೂ ಅವು ಮಾಡುವುದಿಲ್ಲ. ಪರಾತದಲ್ಲಿ ಹಿಟ್ಟು ಹರಡಿದ ಹಾಗೆ ಪುಡಿ ಎಲ್ಲ ಕಡೆ ಒಂದೇ ಆಳ ಇರುತ್ತದೆ, ಸುರಿಯುವುದು ಸ್ವಲ್ಪ ಆಚೀಚೆ ಆದರೂ ರುಚಿ ಕೆಡುವುದಿಲ್ಲ. ಮೂರೂವರೆ ನಿಮಿಷ ಹಿಡಿಯಿತು. ಹೊಸಬರು ಮೊದಲು ಇದನ್ನೇ ಕೊಳ್ಳಲಿ ಎಂಬುದು ನನ್ನ ಮಾತು. ಆದರೆ ಪುಡಿ ಸಣ್ಣಗಿದ್ದರೆ ತೂತುಗಳ ಮೇಲೆ ಕೆಸರು ಕೂತು ಇದೂ ನಿಧಾನವಾಗುತ್ತದೆ.

ಕೆಮೆಕ್ಸ್ ಮಾತ್ರ ಐದು ನಿಮಿಷ ದಾಟಿದರೂ ತೊಟ್ಟಿಕ್ಕುತ್ತಲೇ ಇತ್ತು. ಕುಡಿದರೆ ಕಹಿ, ನಾಲಿಗೆ ಒಗರು. ಪೀಟರ್ ಶ್ಲುಂಬೋಮ್ ಎಂಬ ರಸಾಯನ ವಿಜ್ಞಾನಿ 1941ರಲ್ಲಿ ರೂಪಿಸಿದ ಈ ಪಾತ್ರೆಯ ಪೇಪರ್ ಉಳಿದವಕ್ಕಿಂತ ದಪ್ಪ, ನೀರು ನಿಧಾನಕ್ಕೆ ಇಳಿಯುವುದು ಅದರ ಸ್ವಭಾವವೇ. ಆದರೆ ಇಷ್ಟು ತಡವಾಗಬಾರದಲ್ವಾ? ಬಗ್ಗಿ ನೋಡಿದೆ. ಒದ್ದೆ ಪೇಪರ್ ಮೂತಿಯ ಕಾಲುವೆಗೆ ಅಂಟಿ ಕೂತಿತ್ತು. ಕೆಳಗಿನ ಗಾಳಿ ಹೊರಗೆ ಬರಲು ಅದೇ ದಾರಿ. ಗಾಳಿ ಸಿಕ್ಕಿಹಾಕಿಕೊಂಡರೆ ಕಾಫಿ ಇಳಿಯುವುದಿಲ್ಲ. ಪೇಪರನ್ನು ಮೂತಿಯ ಕಡೆಯಿಂದ ಮೆಲ್ಲಗೆ ಎತ್ತಿದೆ. ಬುಳಕ್ ಎಂದು ಗಾಳಿ ಬಿಟ್ಟು ಧಾರೆ ಶುರುವಾಯಿತು.

ಎರಡನೇ ಸಲ ಮಡಿಸಿದ ಪೇಪರಿನ ಮೂರು ಪದರದ ಬದಿಯನ್ನು ಮೂತಿಯ ಕಡೆಗಿಟ್ಟೆ, ಅದು ಬೇಗ ಕುಸಿಯುವುದಿಲ್ಲ. ಪುಡಿ ರವೆಗಿಂತ ಸ್ವಲ್ಪ ದಪ್ಪ ಬೀಸಿದೆ. ನಾಲ್ಕು ನಿಮಿಷಕ್ಕೆ ಮುಗಿಯಿತು, ಕಹಿ ಹೋಗಿ ಕಾಫಿ ತಿಳಿಯಾಯಿತು. ಸುರಿಯುವ ತಪ್ಪನ್ನು ಕೆಮೆಕ್ಸ್ ಕ್ಷಮಿಸುತ್ತದೆ, ಬೀಸುವ ತಪ್ಪನ್ನಲ್ಲ. ನಾಲ್ಕು ಮಂದಿ ಬಂದಾಗ ಈಗ ಅದರಲ್ಲೇ 40 ಗ್ರಾಂ ಪುಡಿಗೆ 640 ಗ್ರಾಂ ನೀರು ಹಾಕುತ್ತೇನೆ. ಪುಡಿಯ ಆಳ ಹೆಚ್ಚಾಗುವುದರಿಂದ ಆಗ ಇನ್ನೂ ಸ್ವಲ್ಪ ದಪ್ಪ ಬೀಸುತ್ತೇನೆ.