ಮೂರು ಚುಕ್ಕಿ ಒತ್ತದೆ ತೆಗೆದ ಸ್ಕ್ರೀನ್‌ಶಾಟ್

ಕುವೆಂಪುನಗರದ ಬಾಡಿಗೆ ಮನೆ ಖಾಲಿ ಮಾಡಿದ ಮೇಲೆ ಅಡ್ವಾನ್ಸ್ ವಾಪಸ್ ಬರಲಿಲ್ಲ. ಏಜೆನ್ಸಿಯವರ ಇಮೇಲ್‌ನ ಸ್ಕ್ರೀನ್‌ಶಾಟ್ ತೆಗೆದು ವಕೀಲರಿಗೆ ಕಳಿಸಿದೆ. "ಇದರಲ್ಲಿ ನಿಮ್ಮ ಪ್ರಶ್ನೆಯೇ ಇಲ್ವಲ್ಲ, ಅವರು ಹೂಂ ಅಂದಿದ್ದು ಯಾವುದಕ್ಕೆ?" ಅಂದರು.

ಆಮೇಲೆ ಗೊತ್ತಾಯಿತು, ಜಿಮೇಲ್ ಹಳೆಯ ಮೆಸೇಜನ್ನು ಕೆಳಗಿನ ಮೂರು ಚುಕ್ಕಿಯೊಳಗೆ ಬಚ್ಚಿಡುತ್ತದೆ, ಕೆಲವು ಸಲ ಸಹಿಯನ್ನೂ ಸೇರಿಸಿ. ಲ್ಯಾಪ್‌ಟಾಪಿನಲ್ಲಿ ಅದನ್ನು ಒತ್ತಿದೆ. ಹೆಸರಿನ ಕೆಳಗಿನ ಪುಟ್ಟ ಬಾಣ ಒತ್ತಿದರೆ ಯಾರಿಂದ, ಯಾರಿಗೆ, ದಿನಾಂಕ ಎಲ್ಲಾ ಕಾಣುತ್ತದೆ. ಅದು ಮೊದಲ ಚಿತ್ರ. ಅಲ್ಲಿಂದ ಕೆಳಗಿಳಿಯುತ್ತಾ, ಪ್ರತಿ ಚಿತ್ರದಲ್ಲೂ ಹಿಂದಿನದರ ಎರಡು ಸಾಲು ಮತ್ತೆ ಬರುವಂತೆ ತೆಗೆದೆ. ಕೊನೆಯ ಉದ್ದದ ಡಿಸ್‌ಕ್ಲೇಮರನ್ನೂ ಕತ್ತರಿಸಲಿಲ್ಲ, ಕತ್ತರಿಸಿದರೆ ಇನ್ನೇನು ಕತ್ತರಿಸಿದ್ದೀರಿ ಅಂತ ಕೇಳ್ತಾರೆ ಅಲ್ವಾ. 01, 02 ಅಂತ ಹೆಸರಿಟ್ಟು, ವಾಟ್ಸಾಪಿನಲ್ಲಿ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿದೆ.