ಎಲೆಬಳ್ಳಿಯ ರೋಗ ಮತ್ತು ನನ್ನ ಫೋಟೊಗಳು

ಸಂಪಾಜೆ ಕಡೆ ನಮ್ಮದು ಸಣ್ಣ ಅಡಿಕೆ ತೋಟ. ಅಡಿಕೆ ಮರಗಳಿಗೇ ವೀಳ್ಯದೆಲೆ ಬಳ್ಳಿ ಹಬ್ಬಿಸಿದ್ದೇವೆ, ಒಟ್ಟು 160 ಬಳ್ಳಿ. ಜಾಗ ಇಳಿಜಾರು. ಮೇಲಿನ ಬರೆಯಿಂದ ಇಳಿದ ಮಳೆನೀರು ತೋಟದ ನಡುವೆ ಹರಿದು ತೋಡಿಗೆ ಸೇರುತ್ತದೆ.

ಜುಲೈ ಎರಡನೇ ವಾರದಲ್ಲಿ ಎಲೆಗಳ ಮೇಲೆ ಕಂದು ಚುಕ್ಕಿ ಕಂಡೆ. ಚುಕ್ಕಿ ಚೆನ್ನಾಗಿ ಕಾಣುವ ಒಂದು ಎಲೆ ಕಿತ್ತು, ಅಂಗೈ ಮೇಲಿಟ್ಟು, ಫೋಟೊ ತೆಗೆದು ಔಷಧಿ ಅಂಗಡಿಗೆ ಕಳಿಸಿದೆ. ಅವರು ನೋಡಿದವರೇ ಚಿಬ್ಬು ರೋಗ ಅಂದರು, ಒಂದು ಪುಡಿ ಕೊಟ್ಟರು. ಹೊಡೆದೆ. ಐದು ದಿನದಲ್ಲಿ ನಾಲ್ಕು ಬಳ್ಳಿ ಪೂರ್ತಿ ಜೋತು ಬಿದ್ದವು. ಅಂಗಡಿಯವರು ನೋಡಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಆ ಎಲೆಯಲ್ಲಿ ಇದ್ದದ್ದು ಚಿಬ್ಬು ರೋಗವೇ. ಆದರೆ ಬಳ್ಳಿ ಕೊಲ್ಲುತ್ತಿದ್ದ ರೋಗ ಬೇರೆ. ಅದು ಆ ಫೋಟೊದಲ್ಲಿ ಇರಲೇ ಇಲ್ಲ.

ಇದು ಗೊತ್ತಾದದ್ದು ಅಮ್ಮನಿಂದ. ಎಲೆ ಕೊಯ್ದು ಕವಳೆ ಕಟ್ಟುತ್ತಾ ಕೂತಿದ್ದ ಅಮ್ಮ, "ಏಣಿ ಹತ್ತಿ ಕೊಯ್ದದ್ದೆಲ್ಲ ಚೊಕ್ಕ ಉಂಟು ಮಗ. ಬುಡದ ಹತ್ತಿರದ್ದೇ ಕೊಳೆತದ್ದು" ಅಂದರು. ಮರುದಿನ ಬೆಳಿಗ್ಗೆ ಫೋನ್ ಹಿಡಿದು ತೋಟಕ್ಕೆ ಹೋದೆ. ಈ ಸಲ ಎಲೆಯ ಹತ್ತಿರ ಹೋಗಲಿಲ್ಲ. ಹತ್ತು ಹೆಜ್ಜೆ ದೂರ ನಿಂತು, ಬುಡದಿಂದ ತುದಿಯವರೆಗೆ ಇಡೀ ಬಳ್ಳಿ ಬರುವಂತೆ ತೆಗೆದೆ. ಹೀಗೆ ಮೂವತ್ತು ಬಳ್ಳಿ.

ಮನೆಗೆ ಬಂದು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಎರಡು ಥರದ ಬಳ್ಳಿಗಳು ಕಂಡವು. ಕೆಲವದರಲ್ಲಿ ಚುಕ್ಕಿ ಮೇಲೂ ಕೆಳಗೂ ಹರಡಿತ್ತು. ಸಣ್ಣ ಕಪ್ಪು ಚುಕ್ಕಿ, ಸುತ್ತ ಹಳದಿ ಬಳೆ, ನಡುವೆ ಒಣಗಿ ಬೂದು ಬಣ್ಣ. ಇದು ಚಿಬ್ಬು ರೋಗ. ಇನ್ನು ಕೆಲವದರಲ್ಲಿ ಮೊಣಕಾಲಿನ ಎತ್ತರದವರೆಗೆ ಮಾತ್ರ ಕಲೆ, ಅದರ ಮೇಲೆ ಹಸಿರೋ ಹಸಿರು. ಮಳೆಹನಿ ನೆಲಕ್ಕೆ ಬಿದ್ದು ಮಣ್ಣು ಎಲೆಗೆ ಸಿಡಿಯುತ್ತದಲ್ವಾ, ಆ ಸಿಡಿತ ಎಷ್ಟು ಎತ್ತರ ಹೋಗುತ್ತದೋ ಅಷ್ಟೇ ಎತ್ತರಕ್ಕೆ ಕಲೆ. ಅಂದರೆ ರೋಗ ಬರುತ್ತಿರುವುದು ಮಣ್ಣಿನಿಂದ. ಮಣ್ಣಿನಲ್ಲಿದ್ದು ಮಳೆಗಾಲದಲ್ಲಿ ಏಳುವ, ಶಿಲೀಂಧ್ರವನ್ನು ಹೋಲುವ ಫೈಟಾಫ್ತೊರ ರೋಗಾಣುವಿನ ಲಕ್ಷಣ ಇದು. ಅಡಿಕೆಯ ಕೊಳೆರೋಗ, ಕಾಳುಮೆಣಸಿನ ಶೀಘ್ರ ಸೊರಗು ರೋಗ ನಮಗೆ ಹೊಸದಲ್ಲ. ಇದೂ ಅದೇ ಕುಲದ್ದು.

ಖಾತ್ರಿ ಮಾಡಿಕೊಳ್ಳಲು ಒಂದು ಕೆಲಸ ಮಾಡಿದೆ. ಎರಡೂ ಥರದ ಒಂದೊಂದು ಎಲೆಗೆ ದಾರ ಕಟ್ಟಿ ಗುರುತು ಮಾಡಿದೆ. ಎಲೆ ಕೀಳಲಿಲ್ಲ. ಕಲೆಯ ಪಕ್ಕ ಒಂದು ರೂಪಾಯಿ ನಾಣ್ಯ ಹಿಡಿದು ಫೋಟೊ ತೆಗೆದೆ. ಮರುದಿನ ಅದೇ ಹೊತ್ತಿಗೆ ಮತ್ತೆ ತೆಗೆದೆ. ಚಿಬ್ಬು ರೋಗದ ಚುಕ್ಕಿ ಇದ್ದಲ್ಲೇ ಇತ್ತು. ಕೆಳಗಿನ ಎಲೆಯ ಕಲೆ ಮೊದಲ ದಿನ ನಾಣ್ಯದ ಅರ್ಧದಷ್ಟಿತ್ತು, ಎರಡನೇ ದಿನ ನಾಣ್ಯವನ್ನೂ ಮೀರಿತ್ತು. ಅಂಚು ಬಿಸಿನೀರು ಬಿದ್ದಂತೆ ಬೆಂದಿತ್ತು. ಒಳಗೆ ಕಡು ಕಂದು, ತಿಳಿ ಕಂದು ಬಳೆಗಳು ಒಂದರೊಳಗೊಂದು. ಜಡಿಮಳೆಯಲ್ಲಿ ಹೀಗೆ ಓಡುವ ಕಲೆ ಕಂಡರೆ ನಾನೀಗ ಕಾಯುವುದಿಲ್ಲ.

ಫೋಟೊ ತೆಗೆಯುವಾಗ ಫ್ಲಾಶ್ ಹಾಕಬೇಡಿ. ಒದ್ದೆ ಎಲೆ ಮಿರಮಿರ ಹೊಳೆದು ಬೆಂದ ಅಂಚು ಕಾಣುವುದೇ ಇಲ್ಲ. ನಾನು ಎಲೆಯ ಮೇಲಿನ ನೀರನ್ನು ಬಟ್ಟೆಯಲ್ಲಿ ಮೆಲ್ಲಗೆ ಒತ್ತಿ ತೆಗೆದು, ಕೊಡೆಯ ನೆರಳಲ್ಲಿ ಫೋಟೊ ತೆಗೆಯುತ್ತೇನೆ. ಮೇಲ್ಭಾಗ ಒಂದು, ಕೆಳಭಾಗ ಒಂದು, ಆಕಾಶದ ಬೆಳಕಿಗೆ ಹಿಡಿದು ಇನ್ನೊಂದು. ಬೆಳಕಿಗೆ ಹಿಡಿದಾಗ ಚುಕ್ಕಿ ನರಗಳ ನಡುವೆ ಮೂಲೆ ಮೂಲೆಯಾಗಿ, ಎಣ್ಣೆ ಕಾಗದದ ಹಾಗೆ ಪಾರದರ್ಶಕವಾಗಿ ಕಂಡರೆ ಅದು ಬ್ಯಾಕ್ಟೀರಿಯಾ ಎಲೆಚುಕ್ಕಿ ಇರಬಹುದು. ಆ ಚುಕ್ಕಿಯ ಅಂಚನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿಗೆ ಹಾಕಿ. ಕತ್ತರಿಸಿದ ಜಾಗದಿಂದ ಹಾಲಿನ ಎಳೆಯಂತೆ ಏನಾದರೂ ಇಳಿದರೆ ಅನುಮಾನ ಗಟ್ಟಿ. ನನ್ನ ಎಲೆಗಳಲ್ಲಿ ಅದು ಬರಲಿಲ್ಲ.

ಇನ್ನು ಸೊರಗಿದ ಬಳ್ಳಿಗಳ ಲೆಕ್ಕ. ಒಂದು ಹಾಳೆಯಲ್ಲಿ ತೋಟದ ಸಾಲು ಬರೆದು, ಜೋತ ಬಳ್ಳಿಗೆ ದಿನಾಂಕ ಹಾಕುತ್ತಾ ಬಂದೆ. ಹನ್ನೊಂದು ಬಳ್ಳಿ ಆಗುವಷ್ಟರಲ್ಲಿ ಎಲ್ಲ ಸ್ಪಷ್ಟವಾಯಿತು. ಮೊದಲು ಹೋದ ಬಳ್ಳಿ ಮೇಲಿತ್ತು. ಉಳಿದವು ಒಂದೊಂದಾಗಿ ಕೆಳಕ್ಕೆ, ಮಳೆನೀರು ಹರಿಯುವ ಗೆರೆಯಲ್ಲೇ. ನೀರು ಮುಟ್ಟದ ಸಾಲಿನಲ್ಲಿ ಒಂದೂ ಹೋಗಿರಲಿಲ್ಲ.

ಜೋತ ಬಳ್ಳಿಯ ಬುಡದಲ್ಲಿ ಮೂರು ಬೆರಳಿನಷ್ಟು ಮಣ್ಣು ಸರಿಸಿ ನೋಡಿದೆ. ಕಾಂಡ ಇದ್ದಿಲಿನಷ್ಟು ಕಪ್ಪು. ಹೆಬ್ಬೆರಳಿನಿಂದ ಒತ್ತಿದರೆ ಸಿಪ್ಪೆ ಜಾರಿ ಕೈಗೆ ಬಂತು, ಒಳಗೆ ನಾರು ಮಾತ್ರ. ಒಂದು ಗೇಣು ಮೇಲೆ ಅದೇ ಕಾಂಡ ಹಸಿರಾಗಿತ್ತು. ಬುಡದಲ್ಲಿ ಬಿಳಿ ನೂಲು, ಸಾಸಿವೆಯಂಥ ಕಾಳು ಇದ್ದಿದ್ದರೆ ಅದು ಸ್ಕ್ಲೆರೋಷಿಯಂ ಅನ್ನುವ ಶಿಲೀಂಧ್ರದ ಬುಡಕೊಳೆ. ಹಾಗೇನೂ ಇರಲಿಲ್ಲ.

ಜೋತು ಬಿದ್ದ ಬಳ್ಳಿ ಉಳಿಯುವುದಿಲ್ಲ. ಎಲೆ ಬಾಡುವಷ್ಟರಲ್ಲಿ ಬುಡ ಮುಗಿದಿರುತ್ತದೆ. ಹನ್ನೊಂದನ್ನೂ ಬೇರು ಸಮೇತ ಕಿತ್ತೆ. ಜುಲೈ ಮಳೆಯಲ್ಲಿ ತೋಟದಲ್ಲಿ ಸುಡಲು ಆಗುತ್ತದಾ? ಗೊಬ್ಬರದ ಚೀಲದಲ್ಲಿ ತುಂಬಿ ತಂದು, ಒಣಗಿಸಿ, ಬಚ್ಚಲ ಒಲೆಗೆ ಹಾಕಿದೆ. ತೋಟದಲ್ಲಿ ಎಳೆಯಲಿಲ್ಲ, ತೋಡಿಗೂ ಎಸೆಯಲಿಲ್ಲ.

ಔಷಧಿಗಿಂತ ಮೊದಲು ನೀರು ತಿರುಗಿಸಿದೆ. ತೋಟದ ಮೇಲಂಚಿನಲ್ಲಿ ಒಂದೂವರೆ ಅಡಿ ಆಳದ ಚರಂಡಿ ತೆಗೆದು, ಬರೆಯ ನೀರು ಪಕ್ಕದಿಂದ ತೋಡಿಗೆ ಹೋಗುವಂತೆ ಮಾಡಿದೆ. ನೆಲಕ್ಕೆ ತಾಗುವ ಕುಡಿಗಳನ್ನು ಎತ್ತಿ ಕಟ್ಟಿದೆ. ಮಣ್ಣು ಸಿಡಿಯದ ಹಾಗೆ ಬುಡದ ಸುತ್ತ ಒಣ ಅಡಿಕೆ ಸೋಗೆ ಹಾಸಿದೆ. ಕಾಂಡಕ್ಕೆ ಮಾತ್ರ ತಾಗಿಸಲಿಲ್ಲ.

ಆಮೇಲೆ ಶೇಕಡಾ 1ರ ಬೋರ್ಡೋ ದ್ರಾವಣ. ಹತ್ತು ಲೀಟರ್‌ಗೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ. ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ಐದೈದು ಲೀಟರ್ ನೀರಿನಲ್ಲಿ ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ಮೈಲುತುತ್ತದ ನೀರು ಸುರಿದು ಕಲಕಿದೆ. ಉಜ್ಜಿದ ಕಬ್ಬಿಣದ ಕತ್ತಿ ಅದ್ದಿ ನೋಡಬೇಕು. ಕೆಂಪು ಕೂತರೆ ಇನ್ನೂ ಸ್ವಲ್ಪ ಸುಣ್ಣದ ನೀರು ಸೇರಿಸಬೇಕು, ಇಲ್ಲವಾದರೆ ಎಲೆ ಸುಡುತ್ತದೆ. ಸತ್ತ ಬಳ್ಳಿಗಳ ಅಕ್ಕಪಕ್ಕದ ಮತ್ತು ಕೆಳಗಿನ ಬಳ್ಳಿಗಳ ಬುಡಕ್ಕೆ ಎರಡೆರಡು ಲೀಟರ್ ಹೊಯ್ದೆ. ಮಾರುವ ಎಲೆ ಎಲ್ಲ ಕೊಯ್ದ ಮೇಲೆಯೇ ಬಳ್ಳಿಗೆ ಹೊಡೆದೆ, ಮತ್ತೆ ಮೂರು ವಾರ ಕೊಯ್ಯಲಿಲ್ಲ. ಜನ ಹಸಿಯಾಗಿ ಜಗಿಯುವ ಎಲೆ ಅದು. ಅಮ್ಮ ತಮ್ಮ ತಟ್ಟೆಗೂ ಅದರಿಂದಲೇ ತೆಗೆಯುತ್ತಾರೆ.

ಆಗಸ್ಟ್‌ನಲ್ಲಿ ಇನ್ನೂ ಮೂರು ಬಳ್ಳಿ ಹೋದವು, ಮೂರೂ ಹಳೆಯ ಗೆರೆಯಲ್ಲೇ. ಬುಡದ ಎಲೆಯಲ್ಲಿ ಮಾತ್ರ ಕಲೆ ಇದ್ದ ಒಂಬತ್ತು ಬಳ್ಳಿ ಉಳಿದವು. ಆ ಎಲೆಗಳನ್ನು ಕಿತ್ತು ತೆಗೆದಿದ್ದೆ.

ಫೋಟೊ ಕೈ ಕೊಟ್ಟದ್ದು ಒಂದು ಬಳ್ಳಿಯಲ್ಲಿ. ಮೇಲಿನ ಮೂಲೆಯಲ್ಲಿ ನೀರು ನಿಲ್ಲದ ಜಾಗದ್ದು. ಚುಕ್ಕಿ ಇಲ್ಲ, ಬುಡ ಗಟ್ಟಿ. ತಿಂಗಳುಗಟ್ಟಲೆ ನಿಧಾನಕ್ಕೆ ಹಳದಿಯಾಗುತ್ತಾ, ಎಲೆ ಸಣ್ಣದಾಗುತ್ತಾ ಹೋಯಿತು. ಹದಿನಾಲ್ಕು ಫೋಟೊ ಇದ್ದರೂ ಏನೂ ತಿಳಿಯಲಿಲ್ಲ. ಕೊನೆಗೆ ಒಂದು ಹಿಡಿ ಬೇರು ಬಿಡಿಸಿ ತೊಳೆದು ನೋಡಿದರೆ ಮಣಿ ಪೋಣಿಸಿದ ಹಾಗೆ ಗಂಟುಗಳು, ಜಂತುಹುಳದ ಬಾಧೆ. ಬೇವಿನ ಹಿಂಡಿ ಹಾಕಿದ್ದೇನೆ. ಒಂದು ಕುಡಿ ಚಿಗುರಿದೆ, ಎಲೆ ಇನ್ನೂ ಸಣ್ಣದೇ.